ಹುಟ್ಟುಹಬ್ಬದ ಒಕ್ಕಣೆಯಲ್ಲಿ ಕ್ರಿಕೆಟ್ಟಿನ ಮಾತು

ಐವತ್ತು ವರ್ಷ ತುಂಬಿದ ಗೆಳೆಯನಿಗೆ ‘ಅರ್ಧಶತಕಕ್ಕೆ ಅಭಿನಂದನೆಗಳು’ ಎಂದು ಬರೆದು ಕಳುಹಿಸುವ ಪದ್ಧತಿ ಈ ಮುಂಬಯಿ ನಗರದಲ್ಲಿ ಎಷ್ಟು ರೂಢವಾಗಿದೆಯೆಂದರೆ, ಹುಟ್ಟುಹಬ್ಬದ ದಿನ ಬೆಳಗ್ಗೆ ಎದ್ದು ಕೈದೂರವಾಣಿಯನ್ನು ನೋಡಿದವನಿಗೆ ಅದೇ ಮಾತು ಹತ್ತು ಕಡೆಯಿಂದ ಬಂದಿರುತ್ತದೆ. ಹತ್ತಕ್ಕೂ ಆತ ಒಂದೇ ನಗುಮುಖದ ಚಿತ್ರವನ್ನು ಮರಳಿ ಕಳುಹಿಸುತ್ತಾನೆ. ಕಳುಹಿಸಿದವನು ತಾನು ರಸಿಕನೆಂದು ತೃಪ್ತನಾಗುತ್ತಾನೆ; ಪಡೆದವನು ಮರುಗಳಿಗೆಯಲ್ಲಿ ಮರೆಯುತ್ತಾನೆ. ಇದರಲ್ಲಿ ಯಾರಿಗೂ ನಷ್ಟವಿಲ್ಲವೆಂಬುದು ನಿಜ. ಆದರೆ ಆಟವನ್ನು ಪ್ರಾಣದಂತೆ ಪ್ರೀತಿಸುವ ಗೆಳೆಯನೊಬ್ಬನಿಗೆ, ಅವನ ಆಟದ ಭಾಷೆಯಲ್ಲಿಯೇ, ಬೇರೆ ಯಾವ ಭಾಷೆಯಲ್ಲಿಯೂ ಹೇಳಲು ನಾಚುವ ಮಾತೊಂದನ್ನು ಹೇಳಿಬಿಡಬಹುದಾದ ಅವಕಾಶವನ್ನು ನಾವು ವರ್ಷವರ್ಷವೂ ಹೀಗೆ ಕೈಬಿಡುತ್ತಿದ್ದೇವೆ ಎಂಬುದು ನಮ್ಮ ಕೊರಗು.

ಅರ್ಧಶತಕದ ಮಾತಿನಲ್ಲಿ ತಪ್ಪೇನು? ಶತಾಯುಷಿಯಾಗು ಎಂಬ ಹರಕೆ ನಮ್ಮ ಹಿರಿಯರಿಗೆ ಕ್ರಿಕೆಟ್ಟು ಬರುವ ಮೊದಲೇ ಗೊತ್ತಿತ್ತು. ‘ಶತಕ ಬಾರಿಸು’ ಎಂದಾಗ ನಾವು ಆ ಹಳೆಯ ಹರಕೆಗೆ ಬಿಳಿಯ ಷರಾಯಿ ತೊಡಿಸಿದ್ದೇವೆ, ಅಷ್ಟೆ. ಅದು ಐವತ್ತು ತುಂಬಿದ ಎಲ್ಲರಿಗೂ ಸಲ್ಲುವ ಮಾತು. ಆಟವನ್ನೇ ನೋಡದವನಿಗೂ ಸಲ್ಲುತ್ತದೆ. ವಯಸ್ಸನ್ನು ಓಟಗಳ ಸಂಖ್ಯೆಗೆ ಹೋಲಿಸುವುದು ಲೆಕ್ಕವೇ ಹೊರತು ರೂಪಕವಲ್ಲ. ಅಲ್ಲದೆ ಆಟದ ಅಂಕಿಗಳಿಗೆ ತಮ್ಮವೇ ಆದ ನಂಟುಗಳಿವೆ. 87 ಎಂಬ ಅಂಕಿಯನ್ನು ಆಸ್ಟ್ರೇಲಿಯದ ಆಟಗಾರರು ಅಪಶಕುನವೆಂದು ಎಣಿಸುತ್ತಾರೆ. ನೂರಕ್ಕೆ ಅದು ಹದಿಮೂರು ಕಡಿಮೆಯೆಂಬುದೇ ಕಾರಣ. ಎಂಬತ್ತೇಳು ತುಂಬಿದ ಅಜ್ಜನವರಿಗೆ ‘87 ನಾಟೌಟ್’ ಎಂದು ಬರೆಯುವ ಮೊಮ್ಮಗನಿಗೆ ಇದು ಗೊತ್ತಿಲ್ಲದಿರಬಹುದು; ಅಜ್ಜನಿಗೆ ಗೊತ್ತಿದ್ದರೆ?

ಅಂಕಿಗೆ ಜೀವ ಬರುವುದು ಅದು ಯಾವ ನೆಲದ ಮೇಲೆ ಸಂಪಾದಿಸಿದ ಅಂಕಿ ಎಂದು ತಿಳಿದಾಗ. ಈ ಊರಿನ ಕಾಂಗಾ ಲೀಗನ್ನೇ ನೋಡಿ. ಡಾ. ಎಚ್. ಡಿ. ಕಾಂಗಾ ಅವರ ಹೆಸರಿನಲ್ಲಿ 1948ರಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ಮಳೆಗಾಲದಲ್ಲಿಯೇ ಆಡಿಸುತ್ತಾ ಬಂದರು. ಹೊದಿಕೆಯಿಲ್ಲದ ಒದ್ದೆಯ ಪಿಚ್ಚಿನ ಮೇಲೆ ಒಂದು ಚೆಂಡು ಗಂಟಲವರೆಗೆ ಪುಟಿದರೆ ಮುಂದಿನದು ನೆಲಕ್ಕೆ ಅಂಟಿಕೊಂಡಂತೆ ನಿಂತು ಬರುತ್ತದೆ. ಬೌಂಡರಿಯ ಕಡೆ ಹುಲ್ಲು ಮೊಣಕಾಲಿನತ್ತ ಬೆಳೆದಿರುವುದರಿಂದ, ಬೇಸಗೆಯಲ್ಲಿ ನಾಲ್ಕು ಓಟ ತರುವ ಹೊಡೆತ ಇಲ್ಲಿ ನಡುದಾರಿಯಲ್ಲೇ ನಿಂತು ಒಂದು ಓಟ ತರುತ್ತದೆ. ಅಂಥಲ್ಲಿ ಮೂವತ್ತು ಓಟ ಗಳಿಸಿದವನನ್ನು ಜೊತೆಯ ಆಟಗಾರರು ನೂರು ಗಳಿಸಿದವನಂತೆ ಕಾಣುತ್ತಾರೆ. ಜುಲೈ ತಿಂಗಳಲ್ಲಿ ಹುಟ್ಟಿ, ಚಿಕ್ಕ ಸಂಬಳದಲ್ಲಿ ಮೂವರು ತಂಗಿಯರ ಮದುವೆ ಮಾಡಿ, ಈಗ ಒಂದು ಪುಟ್ಟ ಮನೆಯನ್ನು ಕೊಂಡಿರುವ ಗೆಳೆಯನಿಗೆ ‘ನಿನ್ನದು ಕಾಂಗಾ ಲೀಗಿನ ಮೂವತ್ತು’ ಎಂದು ಬರೆದರೆ, ಆತ ಆ ಮೈದಾನಗಳಲ್ಲಿ ಒಮ್ಮೆಯಾದರೂ ಆಡಿದವನಾಗಿದ್ದರೆ, ಆ ದಿನ ಅವನಿಗೆ ಬೇರೆ ಶುಭಾಶಯ ಬೇಕಾಗಲಾರದು. ಮೂವತ್ತು ಎಂಬುದು ಚಿಕ್ಕ ಅಂಕಿಯೇ. ಆದರೆ ಅದು ದೊಡ್ಡದಾಗುವುದು ಹೇಗೆಂದು ಬಲ್ಲವನು ಅವನು, ಬಲ್ಲವನೆಂದು ಬಲ್ಲವರು ನಾವು; ಈ ಗುಟ್ಟಿನ ಒಪ್ಪಂದದಲ್ಲಿಯೇ ಸ್ನೇಹವಿದೆ.

ಆದುದರಿಂದ ಒಕ್ಕಣೆಯನ್ನು ಬರೆದ ಮೇಲೆ ಅದನ್ನು ಪರೀಕ್ಷಿಸಲು ಸುಲಭವಾದ ಒಂದು ಉಪಾಯವನ್ನು ಸೂಚಿಸುತ್ತೇವೆ. ಗೆಳೆಯನ ಹೆಸರನ್ನು ಅಳಿಸಿ ಅಲ್ಲಿ ಇನ್ನೊಬ್ಬ ಗೆಳೆಯನ ಹೆಸರನ್ನು ಬರೆಯಿರಿ. ಮಾತು ಹಾಗೆಯೇ ಹೊಂದಿಕೊಂಡರೆ ಅದು ಅಂಗಡಿಯಲ್ಲಿ ಅಚ್ಚು ಹಾಕಿಸಿಟ್ಟ ಕಾರ್ಡಿನ ಮಾತು. ಹೊಂದದೆ ಎಡವಿದರೆ, ನಿಮ್ಮ ಮಾತು ಅವನೊಬ್ಬನದೇ ಎಂದು ತಿಳಿಯಬಹುದು.

ಕಳೆದ ವರ್ಷ ನಮ್ಮ ಕನ್ನಡ ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಇಂಥ ಒಕ್ಕಣೆಯೊಂದನ್ನು ತಂದು ‘ಒಮ್ಮೆ ತಿದ್ದಿಕೊಡಬೇಕು’ ಎಂದರು. ತಮ್ಮ ಸಹಪಾಠಿಗೆ ಐವತ್ತು ತುಂಬುತ್ತಿತ್ತು. ಇಬ್ಬರೂ ಕುಂದಾಪುರದ ಕಡೆಯವರು. ಹದಿನಾಲ್ಕರ ವಯಸ್ಸಿಗೇ ಮುಂಬಯಿಗೆ ಬಂದು ಒಂದೇ ಕ್ಯಾಂಟೀನಿನಲ್ಲಿ ಹಗಲು ದುಡಿದು, ಸಂಜೆ ಶಾಲೆಗೆ ಬಂದವರು. ರವಿವಾರ ಸಿಕ್ಕ ನಾಲ್ಕು ಗಂಟೆಯ ಬಿಡುವಿನಲ್ಲಿ ಮೈದಾನದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ಟು ಆಡಿದವರು. ಅವರು ಬರೆದುದು ಹೀಗಿತ್ತು:

‘ಅರ್ಧಶತಕ ಬಾರಿಸಿದ ಗೆಳೆಯನಿಗೆ ಅಭಿನಂದನೆಗಳು! ಬಾಳೆಂಬ ಪಿಚ್ಚಿನ ಮೇಲೆ ವಿಧಿ ಎಸೆದ ಗೂಗ್ಲಿಗಳನ್ನೆಲ್ಲ ಸಿಕ್ಸರಿಗೆ ಅಟ್ಟಿದ ಧೀರ ನೀನು. ಸಂಸಾರವೆಂಬ ತಂಡಕ್ಕೆ ನೀನೇ ನಾಯಕ. ಇಂದಿನಿಂದ ನಿನ್ನ ಎರಡನೆಯ ಇನ್ನಿಂಗ್ಸ್ ಆರಂಭವಾಗಲಿ. ಶತಕ ಪೂರೈಸುವ ತನಕ ಔಟಾಗದಿರು!’

ಇದನ್ನು ಓದಿ ನಗಬಹುದು; ಆದರೆ ಆಟ ಬಲ್ಲವನು ಎರಡು ಕಡೆ ಹುಬ್ಬು ಗಂಟಿಕ್ಕುತ್ತಾನೆ. ಮೊದಲನೆಯದು ಲೆಕ್ಕದ ತೊಡಕು. ಎರಡನೆಯ ಇನ್ನಿಂಗ್ಸ್ ಆರಂಭವಾಗಬೇಕಾದರೆ ಮೊದಲನೆಯದು ಮುಗಿದಿರಬೇಕು. ಹಾಗಾದರೆ ಆ ಐವತ್ತು ಅಲ್ಲಿಗೇ ನಿಂತಿತು, ಎಣಿಕೆ ಮತ್ತೆ ಸೊನ್ನೆಯಿಂದ ತೊಡಗುತ್ತದೆ. ಅದೇ ಉಸಿರಿನಲ್ಲಿ ‘ಶತಕ ಪೂರೈಸು’ ಎಂದರೆ ಯಾವ ಶತಕ? ಐವತ್ತು ಮುಟ್ಟಿದ ದಾಂಡಿಗನು ನಿಜವಾಗಿ ಮಾಡುವುದು ಬೇರೆಯೇ ಇದೆ. ದಾಂಡನ್ನು ಎತ್ತಿ ತೋರಿಸಿ, ಬಳಿಕ ಅನೇಕರು ಅಂಪೈರನ್ನು ಕೇಳಿ ಹೊಸದಾಗಿ ಗಾರ್ಡ್ ತೆಗೆದುಕೊಳ್ಳುತ್ತಾರೆ. ಅಂದರೆ ತಮ್ಮ ದಾಂಡು ಯಾವ ಗೂಟದ ನೇರದಲ್ಲಿದೆ ಎಂದು ಕೇಳಿ ನೆಲದ ಮೇಲೆ ಮತ್ತೆ ಗೆರೆ ಎಳೆದುಕೊಳ್ಳುತ್ತಾರೆ. ಇನ್ನಿಂಗ್ಸ್ ಅದೇ, ಎಚ್ಚರ ಹೊಸದು. ಐವತ್ತು ತುಂಬಿದವನಿಗೆ ಇದಕ್ಕಿಂತ ಒಪ್ಪುವ ಮಾತು ಆಟದಲ್ಲಿಯೇ ಸಿದ್ಧವಾಗಿರುವಾಗ, ಪತ್ರಿಕೆಯವರು ನಿವೃತ್ತರಾದವರಿಗೆಲ್ಲ ಹಂಚುವ ‘ಎರಡನೆಯ ಇನ್ನಿಂಗ್ಸ್’ ನಮಗೇಕೆ?

ಎರಡನೆಯದು ಗೂಗ್ಲಿ. ಕಷ್ಟಗಳನ್ನೆಲ್ಲ ಗೂಗ್ಲಿ ಎಂದು ಕರೆಯುವ ಚಾಳಿಯೊಂದು ನಮ್ಮಲ್ಲಿ ಬೆಳೆದಿದೆ. ಗೂಗ್ಲಿ ಎಂದರೆ ಲೆಗ್ ಬ್ರೇಕ್ ಎಸೆಯುವಂತೆ ಕೈ ತಿರುಗಿಸಿ, ಅದಕ್ಕೆ ವಿರುದ್ಧವಾದ ದಿಕ್ಕಿಗೆ ತಿರುಗುವಂತೆ ಎಸೆದ ಚೆಂಡು. ಅದರ ಜೀವಾಳ ವಂಚನೆ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರ ಎದುರು ಆಡಿದವರಿಗೆ ಈ ವಂಚನೆ ಎಂಥದೆಂದು ಚೆನ್ನಾಗಿ ಗೊತ್ತಿತ್ತು. ನೆರವಿನ ವೇಷದಲ್ಲಿ ಬಂದು ಕೊನೆಗೆ ಉರುಳಾದ ಸಾಲವನ್ನು ಗೂಗ್ಲಿ ಎನ್ನಬಹುದು. ತಂದೆಯ ಕಾಯಿಲೆ ಗೂಗ್ಲಿಯಲ್ಲ. ಅದು ದೂರದಿಂದಲೇ ಕಾಣುವಂತೆ ಎದೆಗೆ ಗುರಿಯಿಟ್ಟು ಬರುವ ಬೌನ್ಸರ್. ಅದನ್ನು ಹೊಡೆಯುವುದಕ್ಕಿಂತ, ಕಣ್ಣು ಮುಚ್ಚದೆ ತಲೆ ತಗ್ಗಿಸಿ ಸಾಗಹಾಕುವುದೇ ಹೆಚ್ಚಿನ ಜಾಣತನ. ‘ಗೂಗ್ಲಿಗಳನ್ನೆಲ್ಲ ಸಿಕ್ಸರಿಗೆ ಅಟ್ಟಿದೆ’ ಎಂಬ ಮಾತು ಗೆಳೆಯನ ಕಷ್ಟವನ್ನೂ ಸುಳ್ಳಾಗಿಸುತ್ತದೆ, ಅದನ್ನು ಆತ ತಾಳಿಕೊಂಡ ರೀತಿಯನ್ನೂ ಸುಳ್ಳಾಗಿಸುತ್ತದೆ. ಬಹುಮಂದಿ ತಮ್ಮ ಕಷ್ಟಗಳಿಗೆ ಸಿಕ್ಸರ್ ಹೊಡೆದವರಲ್ಲ, ಅವುಗಳ ಎದುರು ಔಟಾಗದೆ ನಿಂತವರು. ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಇಂಥ ತಪ್ಪು ಮಾತು ಆಟಬಲ್ಲವನ ಹಲ್ಲಿಗೆ ಸಿಗುತ್ತದೆ. ಬಳಿಕ ಎಷ್ಟು ಒಳ್ಳೆಯ ಸಾರು ಬಡಿಸಿದರೂ ಅವನ ನಾಲಗೆ ಕಲ್ಲನ್ನೇ ಹುಡುಕುತ್ತಿರುತ್ತದೆ.

ಇಷ್ಟನ್ನು ಹೇಳಿ ನಾವು ಆ ಮಹನೀಯರನ್ನು ಕೇಳಿದೆವು: ‘ನಿಮ್ಮ ಗೆಳೆಯರು ನಿಮಗಾಗಿ ಮಾಡಿದ್ದೇನು?’ ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದ ಸಂಗತಿ ಇದು. ಇಬ್ಬರೂ ಎಸ್.ಎಸ್.ಸಿ. ಪರೀಕ್ಷೆಗೆ ಕೂರಬೇಕಾಗಿದ್ದ ವರ್ಷ, ಫೆಬ್ರುವರಿಯಲ್ಲಿ, ಕ್ಯಾಂಟೀನಿನ ಧಣಿ ಸಂಜೆಯ ಪಾಳಿಗೆ ಇಬ್ಬರು ಹುಡುಗರು ಬೇಕೆಂದು ಹಟ ಹಿಡಿದ. ಹೋದರೆ ಶಾಲೆಯಿಲ್ಲ, ಹೋಗದಿದ್ದರೆ ಕೆಲಸವಿಲ್ಲ. ಕೆಲಸ ಹೋದರೆ ಮಲಗಲು ಜಾಗವೂ ಇಲ್ಲ. ಆಗ ಈ ಗೆಳೆಯ ಧಣಿಯ ಬಳಿಗೆ ಹೋಗಿ, ‘ಇಬ್ಬರ ಕೆಲಸವನ್ನೂ ನಾನೊಬ್ಬನೇ ಮಾಡುತ್ತೇನೆ, ಅವನನ್ನು ಬಿಡಿ’ ಎಂದ. ಎರಡು ತಿಂಗಳು ಹಾಗೆಯೇ ಮಾಡಿದ. ಇವರು ಮಾರ್ಚಿಯಲ್ಲಿ ಪರೀಕ್ಷೆಗೆ ಕೂತು ತೇರ್ಗಡೆಯಾಗಿ, ಮುಂದೆ ಬ್ಯಾಂಕಿನಲ್ಲಿ ಕೆಲಸ ಹಿಡಿದರು. ಆತ ಮರುವರ್ಷ ಕೂತು ತೇರ್ಗಡೆಯಾದ. ಈಗ ಉಪನಗರದಲ್ಲಿ ಸ್ವಂತದ ಉಪಾಹಾರಗೃಹವೊಂದನ್ನು ನಡೆಸುತ್ತಾನೆ. ತರಗತಿಯ ಪರೀಕ್ಷೆಗಳಲ್ಲಿ ಇವರಿಗಿಂತ ಆತನ ಅಂಕಗಳೇ ಯಾವಾಗಲೂ ಮೇಲಾಗಿದ್ದುವಂತೆ. ‘ಈ ಸಂಗತಿಯನ್ನು ನೀವು ಅವರೆದುರು ಎಂದಾದರೂ ಎತ್ತಿದ್ದುಂಟೆ?’ ಎಂದು ಕೇಳಿದೆವು. ‘ಅಂಥದ್ದನ್ನೆಲ್ಲ ಹೇಳುವುದು ಹೇಗೆ?’ ಎಂದರು.

ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಎದೆಯಲ್ಲಿದ್ದೂ ಹೇಳಲಾಗದ ಮಾತೊಂದಿರುವಾಗ, ಒಕ್ಕಣೆಯಲ್ಲಿ ಗೂಗ್ಲಿ, ಸಿಕ್ಸರ್, ನಾಯಕ ಎಂದು ಗದ್ದಲವೆಬ್ಬಿಸುವುದು ಆ ಮಾತಿನಿಂದ ತಪ್ಪಿಸಿಕೊಳ್ಳುವ ಹಂಚಿಕೆಯೇ ಸರಿ. ಹಾಸ್ಯವು ಭಾವವನ್ನು ಬಚ್ಚಿಡುವ ಪೆಟ್ಟಿಗೆಯಾಗಬಹುದು, ಭಾವವನ್ನು ಹೊತ್ತು ತರುವ ಬಂಡಿಯೂ ಆಗಬಹುದು. ಯಾವುದಾಗುತ್ತದೆಂಬುದು ನಾವು ಆರಿಸಿಕೊಳ್ಳುವ ರೂಪಕವನ್ನು ಅವಲಂಬಿಸಿದೆ. ಈ ಸಂಗತಿಗೆ ಆಟದಲ್ಲಿ ಒಂದು ಹೆಸರು ಸಿದ್ಧವಾಗಿಯೇ ಇದೆ: ನೈಟ್ ವಾಚ್‌ಮನ್.

ಟೆಸ್ಟ್ ಪಂದ್ಯಗಳನ್ನು ನೋಡದ ಕಿರಿಯ ವಾಚಕರಿಗಾಗಿ ಇದನ್ನು ಸ್ವಲ್ಪ ವಿವರಿಸಬೇಕು. ದಿನದಾಟ ಮುಗಿಯಲು ಇನ್ನು ಕೆಲವೇ ಓವರುಗಳಿವೆ; ಆಗ ಒಂದು ವಿಕೆಟ್ಟು ಬೀಳುತ್ತದೆ. ಬೆಳಕು ಇಳಿಯುತ್ತಿದೆ. ಬೌಲರುಗಳಿಗೆ ರಾತ್ರಿಯೆಲ್ಲ ವಿಶ್ರಾಂತಿ ಸಿಗಲಿರುವುದರಿಂದ ಅವರು ಮೈಯಲ್ಲಿದ್ದ ಬಲವನ್ನೆಲ್ಲ ಆ ಕೆಲವು ಓವರುಗಳಲ್ಲಿ ಸುರಿಯುತ್ತಾರೆ. ಈ ಹೊತ್ತಿನಲ್ಲಿ ಒಳ್ಳೆಯ ದಾಂಡಿಗನನ್ನು ಕಳುಹಿಸಿ ಕಳೆದುಕೊಳ್ಳುವುದೇಕೆಂದು, ಸಾಮಾನ್ಯವಾಗಿ ಕೊನೆಯಲ್ಲಿ ಆಡುವವನೊಬ್ಬನನ್ನು ಮೊದಲೇ ಇಳಿಸುತ್ತಾರೆ. ಓಟ ಗಳಿಸುವುದು ಅವನ ಕೆಲಸವಲ್ಲ. ಕತ್ತಲಾಗುವವರೆಗೆ ಗೂಟಗಳನ್ನು ಕಾಯುವುದು ಅವನ ಕೆಲಸ. ಅವನು ಔಟಾದರೆ ‘ಹೋಗಲಿ’ ಎನ್ನುತ್ತಾರೆ, ಉಳಿದರೆ ಬೆನ್ನು ತಟ್ಟುತ್ತಾರೆ. ಅವನ ಹಿಂದೆ ಇಳಿಯಬೇಕಾಗಿದ್ದ ದಾಂಡಿಗನು ಪೆವಿಲಿಯನ್ನಿನಲ್ಲಿ ಪ್ಯಾಡು ಬಿಚ್ಚಿ, ಮರುದಿನ ಬೆಳಗಿನ ಒಳ್ಳೆಯ ಬೆಳಕಿನಲ್ಲಿ ಆಡಲು ಬರುತ್ತಾನೆ. ತನ್ನದಲ್ಲದ ಹೊತ್ತಿನಲ್ಲಿ, ಇನ್ನೊಬ್ಬನ ಸರದಿಯಲ್ಲಿ, ಇನ್ನೊಬ್ಬನ ಅಪಾಯವನ್ನು ಎದುರಿಸಲು ಹೋಗುವವನು ಎಂಬುದು ಇದರ ತಿರುಳು. ಸಂಜೆಯ ಪಾಳಿಗೆ ಹೋದ ಆ ಹುಡುಗ ಮಾಡಿದ್ದು ಅಕ್ಷರಶಃ ಇದನ್ನೇ.

ಈ ಹೋಲಿಕೆಯನ್ನು ಕೇಳಿದೊಡನೆ ನಮ್ಮ ಹಳೆಯ ವಿದ್ಯಾರ್ಥಿಗಳ ಮುಖ ಅರಳಿತು. ಅವರೂ ಆಟವನ್ನು ಚೆನ್ನಾಗಿ ಬಲ್ಲವರೇ. ‘ಹಾಗಾದರೆ ಗಿಲೆಸ್ಪಿಯ ಹೆಸರನ್ನೇ ಹಾಕೋಣ’ ಎಂದರು. ಆಸ್ಟ್ರೇಲಿಯದ ವೇಗದ ಬೌಲರ್ ಜೇಸನ್ ಗಿಲೆಸ್ಪಿ 2006ರ ಏಪ್ರಿಲಿನಲ್ಲಿ ಚಿತ್ತಗಾಂಗಿನಲ್ಲಿ ಬಾಂಗ್ಲಾದೇಶದ ವಿರುದ್ಧ ನೈಟ್ ವಾಚ್‌ಮನ್ ಆಗಿ ಇಳಿದವನು, ದಿನಗಟ್ಟಲೆ ಕದಲದೆ ನಿಂತು 201 ಓಟ ಗಳಿಸಿ ಔಟಾಗದೆ ಉಳಿದ. ಇನ್ನೂರು ಮುಟ್ಟಿದ ದಿನ, ಅಂದರೆ ಏಪ್ರಿಲ್ 19, ಆತನ ಮೂವತ್ತೊಂದನೆಯ ಹುಟ್ಟುಹಬ್ಬವೂ ಆಗಿತ್ತು. ನೈಟ್ ವಾಚ್‌ಮನ್, ಹುಟ್ಟುಹಬ್ಬ, ಔಟಾಗದೆ ಉಳಿದ ಇನ್ನೂರು, ಮೂರೂ ಒಂದೇ ಕಡೆ! ಬರೆಯುವವನಿಗೆ ಇಂಥ ಭಾಗ್ಯ ಮತ್ತೆ ಸಿಗುವುದುಂಟೆ?

ಆದರೂ ನಾವು ಬೇಡವೆಂದೆವು. ಆ ಪಂದ್ಯದ ತರುವಾಯ ಗಿಲೆಸ್ಪಿ ಆಸ್ಟ್ರೇಲಿಯದ ಪರವಾಗಿ ಇನ್ನೊಂದು ಟೆಸ್ಟ್ ಆಡಲಿಲ್ಲ. ಇನ್ನೂರು ಹೊಡೆದುದೇ ಆತನ ಕಡೆಯ ಟೆಸ್ಟ್. ಆಟವನ್ನು ಮೇಲುಮೇಲೆ ನೋಡುವವನಿಗೆ ಈ ಬಾಲ ಕಾಣಿಸದು. ಆಟವನ್ನು ಪ್ರೀತಿಸುವವನಿಗೆ 201 ಎಂಬ ಅಂಕಿಯ ಬೆನ್ನಿಗೇ ಅದು ನೆನಪಾಗುತ್ತದೆ. ಐವತ್ತರ ಹೊಸ್ತಿಲಲ್ಲಿ ನಿಂತವನಿಗೆ, ‘ನೀನು ಆತನಂತೆ’ ಎಂದು ಬರೆದು, ‘ಇದೇ ನಿನ್ನ ಕಡೆಯ ಪಂದ್ಯ’ ಎಂಬ ಅರ್ಥ ಹೊಳೆಯಿಸಿದಂತಾಗಲಿಲ್ಲವೆ? ಆಟದ ಹೆಸರನ್ನು ಎತ್ತಿದರೆ ಅದರ ಹಿಂದೆ ಇಡೀ ಅಂಕಪಟ್ಟಿಯೇ ಎದ್ದು ಬರುತ್ತದೆ. ‘ಡೆತ್ ಓವರ್’, ‘ಕಡೆಯ ಚೆಂಡು’, ‘ಅಂಪೈರಿನ ಬೆರಳು’ ಮೊದಲಾದ ಮಾತುಗಳನ್ನು ಹಿರಿಯರಿಗೂ, ಕಾಯಿಲೆಯಿಂದ ಎದ್ದವರಿಗೂ ಬರೆಯಬಾರದೆಂದು ಯಾರಿಗಾದರೂ ಹೊಳೆದೀತು; ಇಂಥ ಅಡಗಿದ ಬಾಲಗಳೇ ಹೆಚ್ಚು ಅಪಾಯದವು.

ಗಿಲೆಸ್ಪಿಯ ಜಾಗಕ್ಕೆ ನಾವು ಸೂಚಿಸಿದ ಹೆಸರು ಹತ್ತಿರದ್ದೇ. 1979ರಲ್ಲಿ ಇದೇ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧದ ಟೆಸ್ಟಿನಲ್ಲಿ ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿಯವರನ್ನು ನೈಟ್ ವಾಚ್‌ಮನ್ ಆಗಿ ಇಳಿಸಿದರು. ಸಂಜೆಯ ಕಾವಲಿಗೆ ಬಂದವರು 101 ಓಟ ಗಳಿಸಿ ಔಟಾಗದೆ ಉಳಿದರು. ಭಾರತ ಆ ಪಂದ್ಯವನ್ನು ಗೆದ್ದಿತು. ಕಿರ್ಮಾನಿಯವರು ಆಮೇಲೆಯೂ ಹಲವು ವರ್ಷ ಭಾರತಕ್ಕೆ ಆಡಿದರು, 1983ರ ವಿಶ್ವಕಪ್ ಗೆದ್ದ ತಂಡದಲ್ಲಿಯೂ ಇದ್ದರು. ಈ ಬಾಲ ಶುಭದ್ದು. ಕನ್ನಡನಾಡಿನಿಂದ ಬಂದು ಈ ನಗರದಲ್ಲಿ ಇನ್ನೊಬ್ಬನಿಗಾಗಿ ಕಾವಲು ನಿಂತು, ಬಳಿಕ ತನಗಾಗಿಯೂ ಆಡಿದವನಿಗೆ ಇದಕ್ಕಿಂತ ಹೊಂದುವ ಹೋಲಿಕೆ ನಮಗಂತೂ ಹೊಳೆಯಲಿಲ್ಲ. ಓಟಗಳ ಸಂಖ್ಯೆಯಲ್ಲಿ 201ರ ಮುಂದೆ 101 ಚಿಕ್ಕದೆಂದು ಅವರು ಗೊಣಗಿದರು. ಹುಟ್ಟುಹಬ್ಬದ ಒಕ್ಕಣೆಯಲ್ಲಿ ದಾಖಲೆ ಮುರಿಯಬೇಕಾಗಿಲ್ಲವೆಂದು ಸಮಾಧಾನ ಹೇಳಬೇಕಾಯಿತು.

ಇನ್ನೊಂದು ತೊಡಕು ಉಳಿದಿತ್ತು. ಅದು ಎಲ್ಲಕ್ಕಿಂತ ಸೂಕ್ಷ್ಮವಾದುದು. ನೈಟ್ ವಾಚ್‌ಮನ್ ಎಂದರೆ ಹೋದರೂ ಚಿಂತೆಯಿಲ್ಲದ ದಾಂಡಿಗ ಎಂಬ ಅರ್ಥವೂ ಉಂಟಷ್ಟೆ. ಬ್ಯಾಂಕಿನ ಅಧಿಕಾರಿಯಾದವನು ಉಪಾಹಾರಗೃಹ ನಡೆಸುವವನಿಗೆ ‘ನೀನು ನನ್ನ ನೈಟ್ ವಾಚ್‌ಮನ್’ ಎಂದು ಬರೆದರೆ, ‘ನಾನು ಬೆಲೆಯುಳ್ಳವನು, ನೀನು ಅಲ್ಲ’ ಎಂದು ಕೇಳಿಸುವುದಿಲ್ಲವೆ? ಬೇರೆ ಅರ್ಥದ ‘ವಾಚ್‌ಮನ್’ ಎಂಬ ಶಬ್ದವೂ ಈ ಊರಿನ ಕಟ್ಟಡಗಳ ಬಾಗಿಲಲ್ಲಿ ಕೂತಿದೆ. ರೂಪಕ ಸರಿಯಾಗಿದ್ದರೂ ಅದರ ಏಣಿಯಲ್ಲಿ ಯಾರು ಮೇಲಿನ ಮೆಟ್ಟಿಲಲ್ಲಿದ್ದಾರೆಂದು ನೋಡದೆ ಕಳುಹಿಸಿದರೆ ನಗೆ ಗಾಯವಾಗುತ್ತದೆ. ಇಲ್ಲಿ ಉಪಾಯವೂ ಆ ಸಂಗತಿಯೊಳಗೇ ಇತ್ತು. ತರಗತಿಯಲ್ಲಿ ಹೆಚ್ಚು ಅಂಕ ಪಡೆಯುತ್ತಿದ್ದವನು ಆ ಗೆಳೆಯನೇ ಅಲ್ಲವೆ? ಹಾಗಿದ್ದಲ್ಲಿ ನಿಜವಾಗಿ ನಡೆದುದು ತಲೆಕೆಳಗಾದ ಆಟ: ಹನ್ನೊಂದನೆಯವನನ್ನು ಉಳಿಸಲು ಮೂರನೆಯ ಕ್ರಮಾಂಕದ ದಾಂಡಿಗನನ್ನು ಕತ್ತಲಿಗೆ ಇಳಿಸಿದರು. ಲೋಕದ ಯಾವ ನಾಯಕನೂ ಮಾಡದ ಕೆಲಸ. ಇದನ್ನು ಹೇಳಿದೊಡನೆ ಗೇಲಿ ಬರೆಯುವವನ ಕಡೆಗೆ ತಿರುಗುತ್ತದೆ, ಹೊಗಳಿಕೆ ಗೆಳೆಯನ ಕಡೆಗೆ ಹೋಗುತ್ತದೆ. ಅದೂ ಹೊಗಳಿಕೆಯಂತೆ ಕಾಣದೆ ಹೋಗುತ್ತದೆ. ಹುಟ್ಟುಹಬ್ಬದ ಹಾಸ್ಯದಲ್ಲಿ ಔಟಾಗಬೇಕಾದವನು ಬರೆಯುವವನೇ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಇಷ್ಟಾದ ಮೇಲೂ ಒಂದು ಸಾಲನ್ನು ಆಟದ ಭಾಷೆಯಿಲ್ಲದೆ ಬರೆಯಲೇಬೇಕು. ಕೆಲವರು ಇದನ್ನು ಒಪ್ಪುವುದಿಲ್ಲ. ರೂಪಕವೇ ಎಲ್ಲವನ್ನೂ ಹೇಳುವಾಗ ಮತ್ತೆ ಬಿಡಿಸಿ ಹೇಳುವುದೇಕೆ ಎನ್ನುತ್ತಾರೆ. ಕಾವ್ಯಕ್ಕೆ ಆ ಮಾತು ಒಪ್ಪೀತು. ಮೂವತ್ತು ವರ್ಷ ಬಾಯಿಬಿಡದ ಗೆಳೆಯನಿಂದ ಬಂದ ಕಾಗದಕ್ಕೆ ಒಪ್ಪದು. ಓದುವವನು ‘ಇದು ಬರಿಯ ತಮಾಷೆಯೋ, ನಿಜವಾಗಿಯೂ ಅವನಿಗೆ ಆ ದಿನಗಳು ನೆನಪಿವೆಯೋ’ ಎಂದು ಅನುಮಾನಿಸುವಂತಾಗಬಾರದು. ಆ ಕಾಗದವನ್ನು ಅವನ ಹೆಂಡತಿಯೂ ಮಕ್ಕಳೂ ಓದುವರು. ಅವರಿಗೆ ನೈಟ್ ವಾಚ್‌ಮನ್ ಎಂದರೆ ಏನೆಂದು ಗೊತ್ತಿರಬೇಕೆಂದೇನಿಲ್ಲ. ಆ ಒಂದು ಸಾಲಿನಲ್ಲಿ ತಿಂಗಳು, ಪಾಳಿ, ಪರೀಕ್ಷೆ ಎಲ್ಲವೂ ತಮ್ಮ ಹೆಸರಿನಿಂದಲೇ ಬರಲಿ. ‘ನಿನ್ನ ಉಪಕಾರ ಮರೆಯಲಾರೆ’ ಎಂಬಂಥ ಮಾತು ಬೇಡ. ಅದು ಸಭೆಯ ವಂದನಾರ್ಪಣೆಯಲ್ಲಿ ಹಾರದ ಜೊತೆಗೆ ಸಿಗುವ ಮಾತು.

ಆ ಸಾಲನ್ನು ಎಲ್ಲಿಡಬೇಕು? ಮೊದಲಿಗಿಟ್ಟರೆ ಓದುವವನು ಮುಜುಗರದಿಂದ ಮುಂದಿನ ನಗೆಯನ್ನು ಸವಿಯಲಾರ. ಕೊನೆಗಿಟ್ಟರೆ ಅವನಿಗೆ ಉತ್ತರ ಹೇಳಲು ದಾರಿಯಿಲ್ಲ. ನಮ್ಮ ಗಂಡಸರು, ಅದರಲ್ಲೂ ಹೋಟೆಲಿನಲ್ಲಿ ಒಟ್ಟಿಗೆ ದುಡಿದವರು, ‘ನೀನಿಲ್ಲದಿದ್ದರೆ ನಾನಿಲ್ಲ’ ಎಂಬ ಮಾತಿಗೆ ಉತ್ತರ ಕೊಡಬಲ್ಲವರಲ್ಲ. ದೂರವಾಣಿಯನ್ನು ಮಗುಚಿಟ್ಟು ಗಲ್ಲಾಪೆಟ್ಟಿಗೆಯ ಕಡೆ ನಡೆಯುತ್ತಾರೆ. ಆದುದರಿಂದ ಅದು ಕೊನೆಯ ಸಾಲಿನ ಹಿಂದಿನ ಸಾಲಾಗಿರಲಿ. ಕೊನೆಯ ಸಾಲು ಮತ್ತೆ ಸಣ್ಣದೊಂದು ನಗೆಯಾಗಿರಲಿ. ಓದಿದವನು ಕಣ್ಣೊರೆಸಿಕೊಂಡೇ ಆ ನಗೆಯನ್ನು ಹಿಡಿದು ಹೊರಗೆ ಬರಲಿ, ‘ಹೋಗೋ ಮಾರಾಯ’ ಎಂದಾದರೂ ಬರೆಯಲಿ. ನಾವು ಮೊದಲೇ ಎತ್ತಿದ್ದ ಗಾರ್ಡಿನ ಮಾತು ಇಲ್ಲಿಗೆ ಒದಗಿತು. ಆದರೆ ಹೊಸ ರೂಪಕವೊಂದನ್ನು ಇಲ್ಲಿ ತರಬಾರದು. ಗಾರ್ಡ್ ಎಂಬುದು ಅದೇ ದಾಂಡಿಗನ ಅದೇ ಇನ್ನಿಂಗ್ಸಿನ ಮಾತಾದುದರಿಂದ ಸಲ್ಲುತ್ತದೆ. ಕೊನೆಯ ಗಳಿಗೆಯಲ್ಲಿ ‘ಸಂಸಾರದ ತಂಡದ ನಾಯಕ’ನನ್ನೂ ಸೇರಿಸಬೇಕೆಂದು ಅವರು ಕೇಳಿಕೊಂಡರು. ಆತನ ಮನೆಯಲ್ಲಿ ನಾಯಕರು ಯಾರೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಅದನ್ನು ಕೈಬಿಡಲು ಹೆಚ್ಚು ವಾದ ಬೇಕಾಗಲಿಲ್ಲ.

ಕಡೆಗೆ ಹೊರಟ ಒಕ್ಕಣೆಯನ್ನು, ಹೆಸರನ್ನು ಬಿಟ್ಟು, ಅವರ ಅನುಮತಿಯಿಂದ ಇಲ್ಲಿ ಕೊಡುತ್ತಿದ್ದೇವೆ:

‘ಮಾರಾಯ, ನಿನಗೆ ಐವತ್ತಾಯಿತಂತೆ. ನಮ್ಮ ಕ್ಯಾಂಟೀನಿನ ಆಯ್ಕೆ ಸಮಿತಿಯವರು ಆ ವರ್ಷ ಮಾಡಿದ ಪ್ರಮಾದದ ಬಗ್ಗೆ ಇಂದಾದರೂ ವಿಚಾರಣೆ ನಡೆಯಬೇಕು. ಹನ್ನೊಂದನೆಯವನಾದ ನನ್ನನ್ನು ಉಳಿಸಲು ಮೂರನೆಯವನಾದ ನಿನ್ನನ್ನು ನೈಟ್ ವಾಚ್‌ಮನ್ ಮಾಡಿ ಇಳಿಸಿದರಲ್ಲ, ಅವರಿಗೆ ಕ್ರಿಕೆಟ್ಟು ಗೊತ್ತಿತ್ತೇ? ಪುಣ್ಯಕ್ಕೆ ನೀನು ವಾಂಖೆಡೆಯ ಕಿರ್ಮಾನಿಯಂತೆ ಮರುದಿನವೂ ಔಟಾಗದೆ ಆಡಿದೆ, ಸಮಿತಿಯ ಮಾನ ಉಳಿಯಿತು. ಫೆಬ್ರುವರಿ, ಮಾರ್ಚಿ ಎರಡು ತಿಂಗಳು ನೀನು ನನ್ನ ಪಾಳಿಯನ್ನೂ ಮಾಡಿದ್ದರಿಂದ ನಾನು ಪರೀಕ್ಷೆಗೆ ಕೂತೆ, ನೀನು ಕೂರಲಿಲ್ಲ; ಅದನ್ನು ನಾನು ಒಂದು ದಿನವೂ ಮರೆತಿಲ್ಲ, ನಿನಗೆ ಹೇಳಿರಲಿಲ್ಲ ಅಷ್ಟೆ. ಇನ್ನು ಎದ್ದು ಹೊಸದಾಗಿ ಗಾರ್ಡ್ ತೆಗೆದುಕೋ. ಲೆಗ್ ಸ್ಟಂಪಿನ ಹೊರಗೆ ಹೊಟ್ಟೆ ಕಾಣುತ್ತಿದೆ ಎನ್ನುತ್ತಾರೆ ಅಂಪೈರು.’

ಹೊಟ್ಟೆಯ ಮಾತು ನಮ್ಮದಲ್ಲ; ಅದನ್ನು ಅವರೇ ಸೇರಿಸಿದರು, ಮತ್ತು ಇಡೀ ಒಕ್ಕಣೆಯಲ್ಲಿ ಅದೇ ಉತ್ತಮವಾದುದೆಂದು ನಾವು ಒಪ್ಪಿದೆವು. ವಾಟ್ಸ್ಆಪಿನಲ್ಲಿ ಕಳುಹಿಸದೆ, ಇನ್‌ಲ್ಯಾಂಡ್ ಕಾಗದದ ಮೇಲೆ ಕೈಯಾರೆ ಬರೆದು, ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಅಂಚೆಗೆ ಹಾಕಿದರು. ಅದು ತಲುಪಿದ ಸಂಜೆ ಬಂದ ಉತ್ತರ ಎರಡೇ ಸಾಲಿನದು: ‘ಮೂರನೆಯವನಲ್ಲ, ನಾನು ಓಪನರ್. ರವಿವಾರ ಮನೆಗೆ ಬಾ.’